ಇಪ್ಪತ್ತೇಳು ಕೆ.ಜಿ ಕೋಳಿ, ಎಂಟು ಕೆ.ಜಿ ಮಾಂಸ

ರಾಯಚೂರು ಸೀಮೆಯ ತುರ್ವಿಹಾಳದಲ್ಲಿ ಮಗುವಿನ ಜವಳವಿರಲಿ, ಮದುವೆಯ ಮರುದಿನದ ಖಾರದ ಊಟವಿರಲಿ, ಕೋಳಿ ಅಂಗಡಿಯ ಮುಂದೆ ನಡೆಯುವ ಮಾತು ಹೆಚ್ಚು ಕಡಿಮೆ ಒಂದೇ.

"ಎಷ್ಟ್ ಮಂದಿಗ್ರಿ?"

"ನೂರ್ ಮಂದಿ ಆಗ್ತಾರ ಭಾಯಿ."

"ಹಂಗಾದ್ರ ಕಿಲೋಕ್ಕ ಐದು ಮಂದಿ ಹಿಡೀರಿ. ಇಪ್ಪತ್ ಕಿಲೋ ಆತು."

ಲೆಕ್ಕ ಸರಿಯಾಗಿದೆ. ನೂರನ್ನು ಐದರಿಂದ ಭಾಗಿಸಿದರೆ ಇಪ್ಪತ್ತೇ. ಆದರೆ ಇಲ್ಲಿ ಕಿಲೋ ಅಂದರೆ ಯಾವುದರ ಕಿಲೋ ಎಂಬುದನ್ನು ಇಬ್ಬರೂ ಹೇಳಿಲ್ಲ. ಕಾಲು ಕಟ್ಟಿ ತಕ್ಕಡಿಗೆ ಹಾಕಿದ ಜೀವಂತ ಕೋಳಿಯ ತೂಕವೋ, ಪುಚ್ಚ, ಕರುಳು, ಚರ್ಮ ತೆಗೆದು ತುಂಡು ಮಾಡಿದ ಮೇಲಿನ ತೂಕವೋ? ಅಡುಗೆಯವರು ಹೇಳುವ "ಕಿಲೋಕ್ಕ ಐದು ಮಂದಿ" ಎರಡನೆಯದಕ್ಕೆ ಸೇರಿದ್ದು. ಮನೆಯವರು ಬೆಲೆ ಕಡಿಮೆ ಎಂದು ಮೊದಲನೆಯ ತೂಕದಲ್ಲಿ ಇಪ್ಪತ್ತು ಕಿಲೋ ಕೊಂಡರೆ, ನೂರು ಮಂದಿಯ ಊಟದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ಪಾಲು ಕೊಂಡಾಗಲೇ ಕೈಬಿಟ್ಟಿರುತ್ತದೆ. ಅದು ಗೊತ್ತಾಗುವುದು ಮಾತ್ರ ಕೊನೆಯ ಪಂಕ್ತಿ ಕೂತಾಗ, ಸೌಟು ಪಾತ್ರೆಯ ತಳ ಮುಟ್ಟಿದಾಗ.

ಈ ತೊಡಕನ್ನು ಬಿಡಿಸಲು ನೆನಪಿಡಬಹುದಾದ ಒಂದು ಲೆಕ್ಕವಿದೆ. ಫಾರಂ ಕೋಳಿ ಅಂಗಡಿಯ ತಕ್ಕಡಿಯಿಂದ ತಟ್ಟೆಗೆ ಬರುವ ದಾರಿಯಲ್ಲಿ ಮೂರು ಸಲ ತೂಕ ಕಳೆದುಕೊಳ್ಳುತ್ತದೆ. ಮೂರು ಸಲವೂ ಹೋಗುವುದು ಸುಮಾರು ಮೂರನೇ ಒಂದು ಪಾಲು, ಉಳಿಯುವುದು ಮೂರರಲ್ಲಿ ಎರಡು ಪಾಲು. ಕ್ಲೀನ್ ಮಾಡುವಾಗ ಒಮ್ಮೆ, ಎಲುಬಿನ ರೂಪದಲ್ಲಿ ಒಮ್ಮೆ, ಬೇಯುವಾಗ ಒಮ್ಮೆ. ಹಾಗಾಗಿ 27 ಕೆ.ಜಿ ಜೀವಂತ ಕೋಳಿ ತಂದರೆ ಪಾತ್ರೆಗೆ ಬೀಳುವುದು 18 ಕೆ.ಜಿ. ಅದರಲ್ಲಿ ಎಲುಬು ಬಿಟ್ಟು ಹಸಿ ಮಾಂಸ 12 ಕೆ.ಜಿ. ಬೆಂದ ಮೇಲೆ ನೂರು ಮಂದಿಯ ಬಾಯಿಗೆ ಹೋಗುವ ಮಾಂಸ 8 ಕೆ.ಜಿ, ಅಂದರೆ ತಲೆಗೆ 80 ಗ್ರಾಂ. ಮೂರೂ ಮೆಟ್ಟಿಲಲ್ಲಿ ಒಂದೇ ಪ್ರಮಾಣ ಬಂದಿರುವುದು ಕಾಕತಾಳೀಯ. ಒಂದೊಂದರ ಹಿಂದಿನ ಕಾರಣವೂ ಬೇರೆ. ಕಾರಣ ತಿಳಿದರೆ ಈ ಲೆಕ್ಕ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲ ಮೆಟ್ಟಿಲು ನಮ್ಮ ಕಣ್ಣೆದುರೇ ನಡೆಯುತ್ತದೆ. ಸರಿಯಾಗಿ 2 ಕೆ.ಜಿ ತೂಗುವ ಒಂದು ಕೋಳಿಯನ್ನು ತೆಗೆದುಕೊಳ್ಳೋಣ. ಕುತ್ತಿಗೆ ಕೊಯ್ದು ಡ್ರಮ್ಮಿಗೆ ಹಾಕಿದಾಗ ಸುಮಾರು 70 ಗ್ರಾಂ ರಕ್ತ ಸುರಿಯುತ್ತದೆ. ಕೋಳಿಯ ಮೈಯಲ್ಲಿರುವ ರಕ್ತ ಇದರ ಎರಡು ಪಟ್ಟು. ಅರ್ಧದಷ್ಟು ಅಂಗಾಂಗಗಳಲ್ಲಿ, ಸಣ್ಣ ನಾಳಗಳಲ್ಲಿ ಉಳಿದೇ ಇರುತ್ತದೆ. ಪುಚ್ಚದ ತೂಕ ಸುಮಾರು 100 ಗ್ರಾಂ. ತಲೆ ಮತ್ತು ಎರಡು ಕಾಲುಗಳು ಸೇರಿ 140 ಗ್ರಾಂ ಆಸುಪಾಸು. ಕರುಳು, ಕಾಳಿನ ಚೀಲ, ಶ್ವಾಸಕೋಶ, ಅವುಗಳೊಳಗಿನ ಅರೆಜೀರ್ಣವಾದ ಮೇವು ಎಲ್ಲ ಸೇರಿ 220 ಗ್ರಾಂ. ಇಷ್ಟಕ್ಕೆ ನಿಲ್ಲಿಸಿದರೆ ಅದು 'ವಿತ್ ಸ್ಕಿನ್'. ಚರ್ಮವನ್ನೂ ಅದರ ಅಡಿಯ ಹಳದಿ ಕೊಬ್ಬನ್ನೂ ಎಳೆದು ತೆಗೆದರೆ ಇನ್ನೂ 170 ಗ್ರಾಂ ಹೋಗುತ್ತದೆ. ಒಟ್ಟು 700 ಗ್ರಾಂ. ಕೈಗೆ ಬಂದ ಕವರಿನಲ್ಲಿ ಲಿವರ್, ಗುಂಡಿಗೆ, ಕಾಳು ಅರೆಯುವ ಗಟ್ಟಿ ಜಠರ ಸೇರಿ 1,300 ಗ್ರಾಂ ಇರುತ್ತದೆ. ಶೇಕಡಾ 65. ಮೂರರಲ್ಲಿ ಎರಡಕ್ಕೆ ತೀರ ಹತ್ತಿರ.

ಈ ಪಟ್ಟಿಯಲ್ಲಿ ಒಂದು ಸಂಖ್ಯೆ ಮಾತ್ರ ದಿನದಿಂದ ದಿನಕ್ಕೆ ಬದಲಾಗುತ್ತದೆ: ಹೊಟ್ಟೆಯೊಳಗಿನ ಮೇವು. ಕೋಳಿ ಫಾರಮ್ಮುಗಳಲ್ಲಿ ಕೊಯ್ಯುವ ಎಂಟರಿಂದ ಹನ್ನೆರಡು ಗಂಟೆ ಮೊದಲೇ ಮೇವು ನಿಲ್ಲಿಸಿ ನೀರು ಮಾತ್ರ ಕೊಡುವ ಪದ್ಧತಿಯಿದೆ. ಕರುಳು ಖಾಲಿಯಾಗಿದ್ದರೆ ಕೊಯ್ಯುವಾಗ ಒಡೆದು ಮಾಂಸ ಗಲೀಜಾಗುವುದಿಲ್ಲ ಎಂಬುದು ಅದರ ಮುಖ್ಯ ಉದ್ದೇಶ. ಅಂಗಡಿಯ ಪಂಜರದಲ್ಲಿ ಈ ನಿಯಮ ಇರುವುದಿಲ್ಲ. ಬೆಳಗ್ಗೆ ಹೊಟ್ಟೆ ತುಂಬ ಮೇವು ತಿಂದು ನೀರು ಕುಡಿದ ಕೋಳಿಯ ಒಳಗೆ ನೂರು ಗ್ರಾಂ ಬರೀ ಮೇವೇ ಇರಬಹುದು. ಜೀವಂತ ತೂಕಕ್ಕೆ ಹಣ ಕೊಡುವವರು ಆ ಮೇವಿಗೂ ಕೋಳಿಯ ಬೆಲೆ ಕೊಟ್ಟಿರುತ್ತಾರೆ. ಇದನ್ನು ತಿಳಿಯುವುದು ಸುಲಭ. ಕುತ್ತಿಗೆಯ ಬುಡದಲ್ಲಿ, ಎದೆಯ ಮೂಳೆ ಶುರುವಾಗುವ ಕಡೆ ಬೆರಳಿಂದ ಮುಟ್ಟಿದರೆ ಕಾಳಿನ ಚೀಲ ಸಿಗುತ್ತದೆ. ಖಾಲಿಯಿದ್ದರೆ ಅಲ್ಲಿ ಸಡಿಲ ಚರ್ಮ ಮಾತ್ರ. ತುಂಬಿದ್ದರೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ತಾಕುತ್ತದೆ.

ಇನ್ನೊಂದು ಕಡೆ ರಾಯಚೂರು ಸೀಮೆಯ ಬೇಸಿಗೆಯೂ ತನ್ನ ಪಾಲು ತೆಗೆದುಕೊಳ್ಳುತ್ತದೆ. ಏಪ್ರಿಲ್-ಮೇನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಬೆವರುಗ್ರಂಥಿಗಳಿಲ್ಲದ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಪ್ರತಿ ಉಸಿರಿನಲ್ಲೂ ನೀರು ಆವಿಯಾಗಿ ಹೋಗುತ್ತದೆ. ಗಾಡಿಯಲ್ಲಿ ಬಿಸಿಲಿಗೆ ಬಂದ ಕೋಳಿ ಫಾರಮ್ಮಿನಲ್ಲಿ ತೂಗಿದ್ದಕ್ಕಿಂತ ಅಂಗಡಿಯಲ್ಲಿ ಕಡಿಮೆ ತೂಗುವುದು ಇದರಿಂದ. ಕೊಳ್ಳುವವರಿಗೆ ಇದರಿಂದ ನಷ್ಟವಿಲ್ಲ, ತಂದವರಿಗೆ ಇದೆ.

ಬೆಲೆಯ ವಿಚಾರವನ್ನೂ ಇಲ್ಲೇ ಮುಗಿಸಿಬಿಡಬಹುದು. ಅಂಗಡಿಯ ಹಲಗೆಯ ಮೇಲೆ ಲೈವ್, ವಿತ್ ಸ್ಕಿನ್, ಸ್ಕಿನ್‌ಲೆಸ್ ಎಂದು ಮೂರು ಬೆಲೆ ಬರೆದಿರುತ್ತಾರೆ. ಉಳಿಯುವುದು ಮೂರರಲ್ಲಿ ಎರಡು ಪಾಲು ಆದ್ದರಿಂದ ಜೀವಂತ ಬೆಲೆಯ ಒಂದೂವರೆ ಪಟ್ಟು ಸ್ಕಿನ್‌ಲೆಸ್‌ಗೆ ಸರಿಸಮ. ಉದಾಹರಣೆಗೆ ಲೈವ್ 120 ರೂಪಾಯಿ ಇದ್ದರೆ ಸ್ಕಿನ್‌ಲೆಸ್ 180 ರೂಪಾಯಿ ಎಂಬುದು ಅದೇ ಕೋಳಿ, ಅದೇ ಬೆಲೆ. ಅದರ ಮೇಲಿನದು ಕೊಯ್ದು ಕ್ಲೀನ್ ಮಾಡಿದ ಕೂಲಿ ಮತ್ತು ಲಾಭ. ಬೋನ್‌ಲೆಸ್‌ಗೆ ಇನ್ನೊಮ್ಮೆ ಒಂದೂವರೆ ಪಟ್ಟು, ಅಂದರೆ 270. ಬೆಲೆ ಇದಕ್ಕಿಂತ ತೀರ ಕಡಿಮೆ ಇದ್ದರೆ ಸಂತೋಷ ಪಡುವ ಮೊದಲು ಕವರನ್ನು ತೆರೆದು ನೋಡಬೇಕು.

ಎರಡನೆಯ ಮೆಟ್ಟಿಲು ಎಲುಬಿನದು, ಹೆಚ್ಚು ಲಕ್ಷ್ಯ ಬೇಡುವುದೂ ಇದೇ. ನಮ್ಮ 1,300 ಗ್ರಾಂ ಕೋಳಿಯಲ್ಲಿ ಸುಮಾರು 400 ಗ್ರಾಂ ಎಲುಬು. ಉಳಿದ 900 ಗ್ರಾಂ ಮಾಂಸ. ಆದರೆ ಈ ಎಲುಬು ಮೈತುಂಬ ಸಮನಾಗಿ ಹಂಚಿಕೊಂಡಿಲ್ಲ. ಎದೆಯ ಭಾಗ ಇಡೀ ತೂಕದ ಮೂರನೇ ಒಂದರಷ್ಟಿದ್ದು ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ಮಾಂಸ. ತೊಡೆ ಮತ್ತು ಲೆಗ್ ಪೀಸು ಸೇರಿ ಇನ್ನೊಂದು ಮೂರನೇ ಪಾಲು. ಅದರಲ್ಲಿ ಹತ್ತಿರ ಹತ್ತಿರ ಎಪ್ಪತ್ತು ಭಾಗ ಮಾಂಸ. ಉಳಿದ ಮೂರನೇ ಪಾಲಿನಲ್ಲಿ ರೆಕ್ಕೆ, ಬೆನ್ನು, ಕುತ್ತಿಗೆ ಇವೆ. ಇವುಗಳಲ್ಲಿ ಅರ್ಧಕ್ಕೂ ಹೆಚ್ಚು ಎಲುಬೇ. ಹೀಗಾಗಿ ಪಾತ್ರೆಯ ತೂಕದಲ್ಲಿ ಮೂರನೇ ಒಂದು ಭಾಗ ತುಂಬುವ ಈ ತುಂಡುಗಳು ಕೊಡುವ ಮಾಂಸ ಒಟ್ಟು ಮಾಂಸದ ಐದನೇ ಒಂದಕ್ಕಿಂತ ಸ್ವಲ್ಪವೇ ಹೆಚ್ಚು.

ದೊಡ್ಡ ಪ್ರಮಾಣದಲ್ಲಿ ಕೊಳ್ಳುವಾಗ ಮೋಸ ನುಸುಳುವ ಬಾಗಿಲು ಇದು. ಎದೆ ಮಾಂಸವನ್ನೂ ಲೆಗ್ ಪೀಸನ್ನೂ ಬೇರೆ ಮಾಡಿ ಹೋಟೆಲುಗಳಿಗೆ ಕೊಡುವ ಅಂಗಡಿಯಲ್ಲಿ ಬೆನ್ನು, ಕುತ್ತಿಗೆ ಉಳಿಯುತ್ತವೆ. ಅವು ಎಲ್ಲೋ ಒಂದು ಕಡೆ ಹೋಗಲೇಬೇಕು. ಸಣ್ಣದಾಗಿ ಕತ್ತರಿಸಿದ 18 ಕೆ.ಜಿ ಕರಿ ಕಟ್ ನಡುವೆ ಎರಡು ಕೆ.ಜಿ ಬೆನ್ನಿನ ತುಂಡು ಸೇರಿದರೆ ತಕ್ಕಡಿ ಹೇಳುವುದಿಲ್ಲ. ಹೇಳುವುದು ಎಣಿಕೆ. 2 ಕೆ.ಜಿ ಕೋಳಿಗಳಿಂದ 18 ಕೆ.ಜಿ ಬರಬೇಕಾದರೆ ಹದಿನಾಲ್ಕು ಕೋಳಿ ಬೇಕು. ಹದಿನಾಲ್ಕು ಕೋಳಿಗೆ ಇಪ್ಪತ್ತೆಂಟು ಲೆಗ್ ಪೀಸು, ಹದಿನಾಲ್ಕು ಕುತ್ತಿಗೆ. ದೊಡ್ಡ ಬೋಗುಣಿಗೆ ಸುರಿದು ತೊಳೆಯುವಾಗ ಲೆಗ್ ಪೀಸುಗಳ ಗುಂಡು ತುದಿಗಳನ್ನು ಎಣಿಸಿದರೆ ಸಾಕು. ಇಪ್ಪತ್ತಕ್ಕೆ ನಿಂತರೆ ಅಲ್ಲಿರುವುದು ಹತ್ತು ಕೋಳಿಯ ಮಾಂಸ, ಉಳಿದದ್ದು ಬೇರೆಲ್ಲಿಂದಲೋ ಬಂದ ಬೆನ್ನು. ಕೋಳಿಗಳು ನಮ್ಮೆದುರೇ ತೂಗಿ, ನಮ್ಮೆದುರೇ ಕೊಯ್ದಿದ್ದರೆ ಈ ಎಣಿಕೆಯ ಅಗತ್ಯವಿಲ್ಲ. ಹಿಂದಿನ ರಾತ್ರಿ ಹೇಳಿಟ್ಟು ಬೆಳಗ್ಗೆ ಕವರು ತರುವ ಊಟಕ್ಕೆ ಇದನ್ನು ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ತೊಳೆದ ನೀರೂ ತೂಕಕ್ಕೆ ಸೇರುತ್ತದೆ. ತುಂಡುಗಳ ಮೇಲೆ ಅಂಟಿದ, ಎಲುಬಿನ ಸಂದಿಗಳಲ್ಲಿ ನಿಂತ ನೀರು ಶೇಕಡಾ ಐದರಷ್ಟಿದ್ದರೂ 18 ಕೆ.ಜಿಯಲ್ಲಿ 900 ಗ್ರಾಂ ಆಗುತ್ತದೆ. ತಲೆಗೆ 180 ಗ್ರಾಂ ಲೆಕ್ಕದಲ್ಲಿ ಅದು ಐದು ಮಂದಿಯ ಪಾಲು. ಜಾಲರಿ ಬುಟ್ಟಿಯಲ್ಲಿ ಹತ್ತು ನಿಮಿಷ ಸೋಸಲು ಬಿಟ್ಟು ಆಮೇಲೆ ತೂಗಿಸಿಕೊಂಡರೆ ಈ ತಕರಾರು ಇರುವುದಿಲ್ಲ.

ಎಲುಬಿನ ಪ್ರಮಾಣ ಕೋಳಿಯ ಗಾತ್ರಕ್ಕೆ ತಕ್ಕಂತೆಯೂ ಬದಲಾಗುತ್ತದೆ. ಮರಿ ಬೆಳೆಯುವಾಗ ಮೊದಲು ಅಸ್ಥಿಪಂಜರ ಬೆಳೆದು, ಅದರ ಮೇಲೆ ಮಾಂಸ, ವಿಶೇಷವಾಗಿ ಎದೆಯ ಮಾಂಸ, ತಡವಾಗಿ ತುಂಬಿಕೊಳ್ಳುತ್ತದೆ. ಒಂದೂವರೆ ಕೆ.ಜಿಯ ಕೋಳಿಯಲ್ಲಿ ಚೌಕಟ್ಟು ಆಗಲೇ ಸಿದ್ಧ, ತುಂಬಿಕೊಳ್ಳುವುದು ಬಾಕಿ. ಎರಡೂವರೆ ಕೆ.ಜಿಯ ಕೋಳಿಯಲ್ಲಿ ಅದು ತುಂಬಿರುತ್ತದೆ. ಆದ್ದರಿಂದ ಒಂದೇ ಒಟ್ಟು ತೂಕಕ್ಕೆ ಕಡಿಮೆ ಸಂಖ್ಯೆಯ ದೊಡ್ಡ ಕೋಳಿಗಳನ್ನು ಕೊಳ್ಳುವುದೇ ಲಾಭ. ಸಣ್ಣ ಕೋಳಿ ಎಳೆಯದು, ರುಚಿ ಹೆಚ್ಚು ಎನ್ನುವವರಿದ್ದಾರೆ. ನಾಲ್ಕು ಮಂದಿಯ ಮನೆಗೆ ಅದು ಒಪ್ಪುವ ಮಾತು, ನೂರು ಮಂದಿಯ ಊಟಕ್ಕಲ್ಲ.

ಈ ಎದೆ ತುಂಬಿದ ಕೋಳಿಯೇ ಇತ್ತೀಚಿನದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ಕೋಳಿ ತಳಿಗಳನ್ನು ಒಟ್ಟಿಗೆ ಒಂದೇ ಮೇವು ಹಾಕಿ ಸಾಕಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಐವತ್ತಾರನೆಯ ದಿನಕ್ಕೆ ಮೊದಲನೆಯದು 900 ಗ್ರಾಂ, ಎರಡನೆಯದು 1,800 ಗ್ರಾಂ, ಮೂರನೆಯದು 4,200 ಗ್ರಾಂ ತೂಗಿದವು. ಮೇವು ಅದೇ, ಬದಲಾದದ್ದು ಆಯ್ದು ಆಯ್ದು ಬೆಳೆಸಿದ ವಂಶ. ಅದೇ ಅವಧಿಯಲ್ಲಿ ಮೈತೂಕದ ಪ್ರಮಾಣದಲ್ಲಿ ಎದೆ ಮಾಂಸದ ಪಾಲೂ ಬಹಳ ಹೆಚ್ಚಿತು. ಹಿರಿಯರು ಹೇಳುವ "ಒಂದು ಕೋಳಿಗೆ ಇಷ್ಟು ಮಂದಿ" ಎಂಬ ಲೆಕ್ಕ ಈಗ ಹೊಂದದಿರುವುದು ಹಿರಿಯರ ತಪ್ಪಲ್ಲ. ಅವರು ಲೆಕ್ಕ ಹಾಕಿದ ಕೋಳಿಯೇ ಬೇರೆ.

ಮೂರನೆಯ ಮೆಟ್ಟಿಲು ಒಲೆಯ ಮೇಲೆ. ಹಸಿ ಕೋಳಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಆ ನೀರು ಚೀಲದಲ್ಲಿ ತುಂಬಿಟ್ಟಂತೆ ಇಲ್ಲ. ಸ್ನಾಯುವಿನ ಅತಿ ಸಣ್ಣ ಎಳೆಗಳ ನಡುವೆ, ಪ್ರೋಟೀನಿನ ಜಾಲದಲ್ಲಿ ಸಿಕ್ಕಿಕೊಂಡಿದೆ. ಕಾವು 40 ಡಿಗ್ರಿ ದಾಟುತ್ತಿದ್ದಂತೆ ಆ ಪ್ರೋಟೀನುಗಳು ತಮ್ಮ ಆಕಾರ ಕಳೆದುಕೊಂಡು ಮುದುಡತೊಡಗುತ್ತವೆ. 60 ಡಿಗ್ರಿಯ ಆಸುಪಾಸಿನಲ್ಲಿ ಎಳೆಗಳನ್ನು ಸುತ್ತಿಕೊಂಡಿರುವ ಕೊಲಾಜೆನ್ ಪೊರೆಯೂ ಕುಗ್ಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ನೀರು ಹೊರಗೆ ಬರುತ್ತದೆ. ಕುದಿಯುವ ಸಾರಿನಲ್ಲಿ ತುಂಡಿನ ಸುತ್ತ ಎಷ್ಟೇ ನೀರಿದ್ದರೂ ಒಳಗಿನ ನೀರು ಹೊರಬರುವುದು ನಿಲ್ಲುವುದಿಲ್ಲ, ಏಕೆಂದರೆ ಹಿಂಡುತ್ತಿರುವುದು ಒಳಗಿನ ಎಳೆಗಳೇ. ಪೂರ್ತಿ ಬೆಂದಾಗ 900 ಗ್ರಾಂ ಮಾಂಸ 600 ಗ್ರಾಂ ಚಿಲ್ಲರೆಗೆ ಇಳಿದಿರುತ್ತದೆ.

ನಮ್ಮ ಕಡೆಯ ಅಡುಗೆಯವರಿಗೆ ಇದು ಹೊಸ ಸಂಗತಿಯಲ್ಲ. ಈರುಳ್ಳಿ ಹುರಿದು, ಅರಿಶಿಣ ಉಪ್ಪು ಹಾಕಿ, ತೊಳೆದ ತುಂಡುಗಳನ್ನು ಹಾಕಿ ಮುಚ್ಚುತ್ತಾರೆ, ನೀರು ಹಾಕುವುದಿಲ್ಲ. "ತಡೀರಿ, ತನ್ನ ನೀರು ತಾನ ಬಿಡತೈತಿ" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದರೆ ತುಂಡುಗಳು ಅರ್ಧ ಮುಳುಗುವಷ್ಟು ತಿಳಿ ರಸ ಪಾತ್ರೆಯಲ್ಲಿ ನಿಂತಿರುತ್ತದೆ. 18 ಕೆ.ಜಿ ಕೋಳಿಯಿಂದ ಹೀಗೆ ಹೊರಬರುವ ರಸ ಒಟ್ಟು ನಾಲ್ಕು ಲೀಟರಿನಷ್ಟು. ಈ ಲೆಕ್ಕ ಬಿಟ್ಟು ಮೊದಲೇ ನೀರು ಹೊಯ್ದರೆ ಸಾರು ನೀರಾಗುತ್ತದೆ. ಅದನ್ನು ಗಟ್ಟಿ ಮಾಡಲು ಮತ್ತೆ ಅರ್ಧ ಗಂಟೆ ಕುದಿಸಿದರೆ ಆರು ವಾರದ ಎಳೆ ಫಾರಂ ಕೋಳಿ ಎಲುಬು ಬಿಟ್ಟು ಚದುರುತ್ತದೆ. ಆಗ ತಟ್ಟೆಗೆ ತುಂಡೇ ಸಿಗುವುದಿಲ್ಲ. ನೂರು ಮಂದಿಯ ಮಾಂಸ ಪಾತ್ರೆಯಲ್ಲೇ ಇದ್ದರೂ ಪಾಲು ಹಾಕಲು ಬಾರದಂತೆ ಎಳೆ ಎಳೆಯಾಗಿರುತ್ತದೆ.

ಮೂರನೆಯ ಮೆಟ್ಟಿಲಲ್ಲಿ ಹೋಗುವ ಮೂರನೇ ಒಂದು ಪಾಲು ಮೊದಲ ಎರಡರಂತೆ ನಷ್ಟವಲ್ಲ. ಅದು ಮಾಂಸದಿಂದ ಸಾರಿಗೆ ಹೋಯಿತು ಅಷ್ಟೇ. ಎಲುಬಿನ ಸುತ್ತಲ ಮೃದು ಅಸ್ಥಿ, ಕೀಲುಗಳ ನಾರು ಬೆಂದು ಜಿಲೆಟಿನ್ ಆಗಿ ಅದೇ ಸಾರಿಗೆ ಇಳಿದು ಮಂದ ಮಾಡುತ್ತದೆ. ಬೆಂಕಿಯ ಮೇಲೆ ಸುಟ್ಟ ಕೋಳಿಯಲ್ಲಿ ಈ ರಸ ಕೆಂಡಕ್ಕೆ ಬೀಳುತ್ತದೆ, ಸಾರಿನಲ್ಲಿ ಅನ್ನಕ್ಕೆ ಬೀಳುತ್ತದೆ. ಬೋನ್‌ಲೆಸ್ ತಂದು ಸಾರು ಮಾಡಿದವರಿಗೆ ರಸ ತೆಳುವೆನಿಸುವುದಕ್ಕೂ ಇದೇ ಕಾರಣ.

ಪೋಷಕಾಂಶಗಳ ಲೆಕ್ಕದಲ್ಲೂ ಇದನ್ನು ನೆನಪಿಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಸಂಯೋಜನೆಯ ಪಟ್ಟಿಯಲ್ಲಿ ಕೋಳಿಯ ಎದೆ, ತೊಡೆ, ಕಾಲು, ರೆಕ್ಕೆಗಳಿಗೆ ಬೇರೆ ಬೇರೆ ಅಂಕಿಗಳಿವೆ. ಪ್ರೋಟೀನು ನೂರು ಗ್ರಾಮಿಗೆ ಸರಾಸರಿ 20 ಗ್ರಾಮಿನ ಸುತ್ತ ಬರುತ್ತದೆ. ಆ ನೂರು ಗ್ರಾಂ ಎಂದರೆ ಚರ್ಮ, ಎಲುಬು ತೆಗೆದ ಹಸಿ ಮಾಂಸ, ಅಂದರೆ ನಮ್ಮ 12 ಕೆ.ಜಿ ಮೆಟ್ಟಿಲು. ಅಂಗಡಿಯ 18 ಕೆ.ಜಿಗೆ ಅದನ್ನು ಹಚ್ಚಿದರೆ ಲೆಕ್ಕ ಒಂದೂವರೆ ಪಟ್ಟು ಉಬ್ಬುತ್ತದೆ. ಬೆಂದ 8 ಕೆ.ಜಿಗೆ ಹಚ್ಚಿದರೆ ಕುಗ್ಗುತ್ತದೆ. ಸರಿಯಾದ ಲೆಕ್ಕದಲ್ಲಿ ನೂರು ಮಂದಿಗೆ 2,400 ಗ್ರಾಂ ಪ್ರೋಟೀನು, ತಲೆಗೆ 24 ಗ್ರಾಂ. 60 ಕೆ.ಜಿ ತೂಕದ ವ್ಯಕ್ತಿಗೆ ದಿನಕ್ಕೆ ಬೇಕಾದ 50 ಗ್ರಾಮಿನಲ್ಲಿ ಇದು ಹತ್ತಿರ ಅರ್ಧ. ತಟ್ಟೆಯಲ್ಲಿ 80 ಗ್ರಾಂ ಮಾಂಸ ಕಡಿಮೆ ಎಂದು ಕಂಡರೂ ಊಟಕ್ಕೆ ಅದು ಸಾಲುತ್ತದೆ. ಹೋದದ್ದು ನೀರು, ಪ್ರೋಟೀನಿನ ಬಹುಪಾಲು ತುಂಡಿನಲ್ಲೇ ಇದೆ.

ಈಗ ತುರ್ವಿಹಾಳದ ನೂರು ಮಂದಿಯ ಜವಳಕ್ಕೆ ಮರಳಿ ಲೆಕ್ಕ ಕಟ್ಟೋಣ. ಕಿಲೋಕ್ಕೆ ಐದು ಮಂದಿ ಎಂಬುದನ್ನು ಕ್ಲೀನ್ ಮಾಡಿದ ತೂಕಕ್ಕೆ ಹಿಡಿದರೆ 20 ಕೆ.ಜಿ ಬೇಕು. ಅದಕ್ಕೆ ಜೀವಂತ ಕೋಳಿ 30 ಕೆ.ಜಿ. ಬೆಂದ ಮಾಂಸ ತಲೆಗೆ ಸುಮಾರು 90 ಗ್ರಾಂ. ಜೋಳದ ರೊಟ್ಟಿ, ಅನ್ನ, ಸಾರು ಇರುವ ಊಟಕ್ಕೆ ಇದು ಕೈತುಂಬ ಬಡಿಸುವ ಪ್ರಮಾಣ. ಅದೇ 20 ಕೆ.ಜಿಯನ್ನು ಜೀವಂತ ತೂಕದಲ್ಲಿ ಕೊಂಡರೆ ಪಾತ್ರೆಗೆ 13 ಕೆ.ಜಿ ಬಂದು, ತಲೆಗೆ 60 ಗ್ರಾಂ ಕೂಡ ದಾಟುವುದಿಲ್ಲ. 27 ಕೆ.ಜಿ ಜೀವಂತ ಎಂಬುದು ಇವೆರಡರ ನಡುವೆ, ಹೆಂಗಸರು ಮಕ್ಕಳು ಹಿರಿಯರು ಎಲ್ಲ ಸೇರಿದ ಪಂಕ್ತಿಗೆ ತಕ್ಕದ್ದು. ಬಂದವರಲ್ಲಿ ಕಾಲು ಭಾಗ ಸಣ್ಣ ಮಕ್ಕಳಿದ್ದರೆ 24 ಕೆ.ಜಿಗೂ ನಡೆಯುತ್ತದೆ. ಗದ್ದೆ ಕೆಲಸ ಮುಗಿಸಿ ಬರುವ ಗಂಡಾಳುಗಳೇ ಹೆಚ್ಚಿದ್ದರೆ 30ಕ್ಕೆ ಕಡಿಮೆ ಮಾಡಬಾರದು.

ಆದರೂ ಒಂದು ವಿಷಯ ಉಳಿಯಿತು. ಸರಾಸರಿ 80 ಗ್ರಾಂ ಎಂದರೆ ಪ್ರತಿಯೊಬ್ಬರಿಗೂ 80 ಗ್ರಾಂ ಸಿಕ್ಕಿತು ಎಂದಲ್ಲ. 18 ಕೆ.ಜಿಯನ್ನು 45 ಗ್ರಾಮಿನ ತುಂಡು ಮಾಡಿದರೆ ನಾನೂರು ತುಂಡುಗಳಾಗುತ್ತವೆ, ತಲೆಗೆ ನಾಲ್ಕು. ಆ ನಾನೂರರಲ್ಲಿ ನೂರಮೂವತ್ತಕ್ಕೂ ಹೆಚ್ಚು ತುಂಡುಗಳು ಬೆನ್ನು, ಕುತ್ತಿಗೆ, ರೆಕ್ಕೆಯವು. ಬಡಿಸುವವರ ಸೌಟು ಮೊದಲ ಪಂಕ್ತಿಗೆ ದೊಡ್ಡ ತುಂಡುಗಳನ್ನೇ ಹುಡುಕುತ್ತದೆ. ಬೀಗರು, ಹಿರಿಯರು ಕೂತಿರುತ್ತಾರೆ, ಮರ್ಯಾದೆಯ ಪ್ರಶ್ನೆ. ಎಲುಬಿನ ತುಂಡುಗಳು ಹಿಂದೆ ಉಳಿಯುತ್ತಾ ಹೋಗುತ್ತವೆ. ಎರಡು ಪಂಕ್ತಿ ಎದ್ದ ಮೇಲೆ ಪಾತ್ರೆಯಲ್ಲಿ ಕಾಣುವ ತುಂಡುಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಆದರೆ ಪ್ರತಿ ತುಂಡಿನಲ್ಲಿರುವ ಮಾಂಸ ಅರ್ಧವಾಗಿರುತ್ತದೆ. ಕೊನೆಗೆ ಊಟಕ್ಕೆ ಕೂರುವವರು ಅಡುಗೆ ಮಾಡಿದವರು, ಬಡಿಸಿದವರು, ಮನೆಯ ಹೆಂಗಸರು. ಬೆಳಗ್ಗೆಯಿಂದ ಹೊಗೆಯ ಮುಂದೆ ನಿಂತವರಿಗೆ ನಾಲ್ಕು ತುಂಡು ಸಿಕ್ಕರೂ ಮಾಂಸ 60 ಗ್ರಾಂ ಸಿಗುವುದಿಲ್ಲ. ನನಗೆ ಇದು ತೂಕದ ಮೋಸಕ್ಕಿಂತ ಹೆಚ್ಚು ನೋಯಿಸುವ ಸಂಗತಿ.

ಇದಕ್ಕೆ ಎರಡು ಪಾತ್ರೆಯ ಉಪಾಯವಿದೆ. ಕತ್ತರಿಸುವಾಗಲೇ ಬೆನ್ನು, ಕುತ್ತಿಗೆ, ರೆಕ್ಕೆಗಳನ್ನು ಬೇರೆ ಇಡಿಸಿ. ಆ ಆರು ಕೆ.ಜಿಯನ್ನು ಮೊದಲು ಹೆಚ್ಚು ನೀರಿನಲ್ಲಿ ನಿಧಾನ ಕುದಿಸಿ ಸಾರು ಮಾಡಬೇಕು. ಎಲುಬಿನ ರಸ ಪೂರ್ತಿ ಇಳಿಯಲು ಸಮಯ ಬೇಕು, ಈ ತುಂಡುಗಳು ಚದುರಿದರೂ ನಷ್ಟವಿಲ್ಲ. ಎದೆ, ತೊಡೆ, ಲೆಗ್ ಪೀಸಿನ ಹನ್ನೆರಡು ಕೆ.ಜಿಯನ್ನು ಇನ್ನೊಂದು ಪಾತ್ರೆಯಲ್ಲಿ ತನ್ನ ನೀರಿನಲ್ಲೇ ಬೇಯಿಸಿ, ಗಟ್ಟಿ ಮಸಾಲೆಯಲ್ಲಿ ಇಳಿಸಬೇಕು. 60 ಗ್ರಾಮಿನ ತುಂಡು ಮಾಡಿದರೆ ಇನ್ನೂರು ತುಂಡು, ತಲೆಗೆ ಎರಡು, ಎಣಿಸಿ ಬಡಿಸಬಹುದು. ಎರಡೂ ಮಾಂಸ ತುಂಬಿದವೇ. ಸಾರಿನ ತುಂಡುಗಳನ್ನು ಎಲುಬು ಕಡಿಯುವ ಇಷ್ಟವಿದ್ದವರು ಕೇಳಿ ಹಾಕಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅಂಥವರೇನೂ ಕಡಿಮೆಯಿಲ್ಲ. ಕೊನೆಯ ಪಂಕ್ತಿಗೂ ಎರಡು ತುಂಡು ಎಂಬುದು ಆಗ ಬಡಿಸುವವರ ದಯೆಗೆ ಬಿಟ್ಟದ್ದಾಗಿರುವುದಿಲ್ಲ.

ಇಷ್ಟೆಲ್ಲ ಫಾರಂ ಕೋಳಿಯ ಲೆಕ್ಕ. ಜವಾರಿ ಕೋಳಿಗೆ ಇದನ್ನು ಹಾಗೇ ಹಚ್ಚಿದರೆ ಕೈಕೊಡುತ್ತದೆ. ಜವಾರಿಯನ್ನು ಯಾರೂ ಚರ್ಮ ಸುಲಿಸುವುದಿಲ್ಲ. ಬಿಸಿನೀರಿಗೆ ಅದ್ದಿ ಪುಚ್ಚ ಕಿತ್ತು, ಉರಿಯ ಮೇಲೆ ಸುಟ್ಟು, ಅರಿಶಿಣ ತಿಕ್ಕಿ ಕೊಯ್ಯುತ್ತಾರೆ. ತಲೆ, ಕಾಲು ಕೂಡ ಪಾತ್ರೆಗೆ ಬೀಳುತ್ತವೆ. ಹಾಗಾಗಿ ಮೊದಲ ಮೆಟ್ಟಿಲಲ್ಲಿ ಹೋಗುವುದು ಮೂರನೇ ಒಂದಕ್ಕಿಂತ ಕಡಿಮೆ, ನಾಲ್ಕನೇ ಒಂದರ ಹತ್ತಿರ. ತಕ್ಕಡಿಯಲ್ಲಿ ಇದು ಲಾಭದಂತೆ ಕಾಣುತ್ತದೆ. ಆದರೆ ಎರಡನೆಯ ಮೆಟ್ಟಿಲಲ್ಲಿ ಅದು ಎಲ್ಲವನ್ನೂ ಹಿಂತಿರುಗಿ ಕೇಳುತ್ತದೆ. ಓಡಾಡಿ, ಹಾರಿ, ತಿಂಗಳುಗಟ್ಟಲೆ ಬೆಳೆದ ಹಕ್ಕಿಯ ಎಲುಬು ಗಟ್ಟಿ, ಎದೆ ತೆಳು, ಚರ್ಮವೂ ತೂಕದಲ್ಲಿ ಸೇರಿದೆ. ಪಾತ್ರೆಯಲ್ಲಿ ಒಂದು ಕೆ.ಜಿ ಇದ್ದರೆ ಅದರಲ್ಲಿ ಮಾಂಸ ಅರ್ಧ ಕೆ.ಜಿಯಷ್ಟು ಎಂದು ಹಿಡಿಯುವುದೇ ಕ್ಷೇಮ. ವಯಸ್ಸಾದ ಕೋಳಿಯಲ್ಲಿ ಕೊಲಾಜೆನ್ ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಂಡಿರುವುದರಿಂದ ಬೇಯಲು ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಕುದಿದಾಗ ರಸವೂ ಹೆಚ್ಚು ಇಳಿಯುತ್ತದೆ. ಜವಾರಿ ಸಾರಿನ ರುಚಿಯೆಲ್ಲ ರಸದಲ್ಲಿ ಇರುವುದಕ್ಕೆ ಕಾರಣ ಇದೇ.

ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಅಭಿವೃದ್ಧಿಪಡಿಸಿ 1989ರಲ್ಲಿ ರೈತರಿಗೆ ಕೊಟ್ಟ ಗಿರಿರಾಜ ಫಾರಂ ಮತ್ತು ಜವಾರಿ ಕೋಳಿಗಳ ನಡುವಿನ ಹಕ್ಕಿ. ಹಿತ್ತಲಲ್ಲಿ ಜವಾರಿಯಂತೆ ಮೇಯುತ್ತದೆ, ಮೈ ಅದಕ್ಕಿಂತ ಬೇಗ ತುಂಬಿಕೊಳ್ಳುತ್ತದೆ. ಅದರ ಎಲುಬಿನ ಲೆಕ್ಕವನ್ನೂ ಎರಡರ ನಡುವೆಯೇ ಇಡಬೇಕು.

ರುಚಿಯೆಲ್ಲ ರಸದಲ್ಲಿರುವುದರಿಂದ ಜವಾರಿ ಕೋಳಿಯ ಊಟಕ್ಕೆ ತುಂಡು ಎಣಿಸಿ ಪಾಲು ಹಾಕುವ ಬದಲು ರಸವನ್ನು ಅಳೆದು ಪಾಲು ಹಾಕುವುದು ಸರಿ. ಒಂದೂವರೆ ಕೆ.ಜಿಯ ಜವಾರಿ ಕೋಳಿಯಿಂದ ಪಾತ್ರೆಗೆ ಬರುವುದು 1,100 ಗ್ರಾಂ ಆಸುಪಾಸು. ಬೆಂದ ಮಾಂಸ 350 ಗ್ರಾಂ ಸುತ್ತ. ತಲೆಗೆ 80 ಗ್ರಾಂ ಎಂದರೆ ನಾಲ್ಕು ಮಂದಿಗೇ ಮುಗಿಯಿತು. ಅದೇ ಕೋಳಿಗೆ ಎರಡು ಲೀಟರು ನೀರು ಹಾಕಿ, ಒಂದೂವರೆ ಲೀಟರಿಗೆ ಇಳಿಯುವವರೆಗೆ ಕುದಿಸಿ, ಹುರಿದ ಕೊಬ್ಬರಿ, ಖಾರ ಅರೆದು ಕೂಡಿಸಿದರೆ ಎಂಟು ಮಂದಿಗೆ ಅನ್ನಕ್ಕೂ ರೊಟ್ಟಿಗೂ ಸಾಲುವ ಸಾರಾಗುತ್ತದೆ, ತಲೆಗೆ ಎರಡೆರಡು ಸಣ್ಣ ತುಂಡು. ಹದಿನಾರು ತುಂಡು ಬೇಕಾದರೆ ಎದೆಯನ್ನು ನಾಲ್ಕು, ತೊಡೆ ಎರಡನ್ನೂ ಎರಡೆರಡು, ಲೆಗ್ ಪೀಸು ಎರಡು, ರೆಕ್ಕೆ ಎರಡು, ಬೆನ್ನು ಮೂರು, ಕುತ್ತಿಗೆ ಒಂದು ಮಾಡಿಸಬೇಕು. ಲಿವರು, ಗುಂಡಿಗೆ ಮನೆಯ ಸಣ್ಣ ಮಕ್ಕಳಿಗೆ.